ಹಿಂದಿನ ಸೀಟಿನಲ್ಲಿ ಕೂತವರು ಯಾರ ಲೆಕ್ಕಕ್ಕೆ? ಒಂದು ಸ್ಕೂಟರ್ ಪ್ರಕರಣ

ನಾನು ವಿಮೆ ಮಾರುವವನಲ್ಲ. ಒಬ್ಬ ವಕೀಲರ ಕಚೇರಿಯಲ್ಲಿ ಎಂವಿಸಿ ಫೈಲುಗಳನ್ನು, ಅಂದರೆ ಮೋಟಾರು ಅಪಘಾತ ಪರಿಹಾರದ ಕೇಸುಗಳ ಕಾಗದಪತ್ರಗಳನ್ನು ಜೋಡಿಸುವುದು ನನ್ನ ಕೆಲಸ. ಇಲ್ಲಿ ಹೇಳುತ್ತಿರುವುದು ಅಂಥ ಒಂದು ಫೈಲಿನ ಕತೆ. ಹೆಸರು ಹೇಳುವುದಿಲ್ಲ, ಊರೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಕೆಲವು ವಿವರ ಮತ್ತು ಮೊತ್ತಗಳನ್ನು ಬದಲಿಸಿದ್ದೇನೆ.

ಇದರಲ್ಲಿ ಮೂವರಿದ್ದಾರೆ. ಸ್ಕೂಟರ್ ಇರುವುದು ತಂದೆಯ ಹೆಸರಿನಲ್ಲಿ. ಅವರು ನಿವೃತ್ತ ಮೇಷ್ಟ್ರು. ಗಾಡಿ ಓಡಿಸುವವನು ಮಗ, ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕೆಲಸ. ಹಿಂದೆ ಕೂತಿದ್ದವರು ಅವನ ಚಿಕ್ಕಮ್ಮ. ನಲವತ್ತಾರು ವರ್ಷ, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ.

ಜನವರಿಯಲ್ಲಿ ಮಾಡಿದ ಉಳಿತಾಯ

ಸ್ಕೂಟರ್ 110 ಸಿಸಿಯದು, ಏಳು ವರ್ಷ ಹಳೆಯದು. ಜನವರಿಯಲ್ಲಿ ಪಾಲಿಸಿ ಮುಗಿಯಿತು. ಮಗ ಫೋನಿನಲ್ಲೇ ರಿನ್ಯೂ ಮಾಡಲು ಕೂತ. ಪರದೆಯ ಮೇಲೆ ಎರಡು ಆಯ್ಕೆ ಬಂತು. ಒಂದು ಬರೀ ಥರ್ಡ್ ಪಾರ್ಟಿ, ಇನ್ನೊಂದು ಕಾಂಪ್ರಹೆನ್ಸಿವ್. ವಿಮೆಯವರು ಎರಡನೆಯದನ್ನು ಪ್ಯಾಕೇಜ್ ಪಾಲಿಸಿ ಅನ್ನುತ್ತಾರೆ.

75ರಿಂದ 150 ಸಿಸಿ ಗಾಡಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ಎಷ್ಟು ಅಂತ ಸರ್ಕಾರವೇ ನಿಗದಿ ಮಾಡುತ್ತದೆ. ಆಗ ಅದು ವರ್ಷಕ್ಕೆ 714 ರೂಪಾಯಿ. ಜಿಎಸ್‌ಟಿ ಸೇರಿ 843. ಅದರ ಮೇಲೆ ಯಜಮಾನರ ಹೆಸರಿನಲ್ಲಿ 15 ಲಕ್ಷದ ಕಡ್ಡಾಯ ಅಪಘಾತ ವಿಮೆ. ಎರಡೂ ಸೇರಿ ಸಾವಿರದ ಇನ್ನೂರು ಚಿಲ್ಲರೆ. ಪ್ಯಾಕೇಜ್ ಆಗಿದ್ದರೆ ಇನ್ನೂ ಸುಮಾರು 340 ರೂಪಾಯಿ ಜಾಸ್ತಿ ಆಗುತ್ತಿತ್ತು.

ಮಗ ಹಾಕಿದ ಲೆಕ್ಕ ಹೀಗಿತ್ತು. ಗಾಡಿಯ ಐಡಿವಿ, ಅಂದರೆ ವಿಮೆ ಕಂಪನಿ ಗಾಡಿಗೆ ಕಟ್ಟುವ ಬೆಲೆ, 18 ಸಾವಿರ. ಗೀರು ಬಿದ್ದರೆ, ಮಡ್‌ಗಾರ್ಡ್ ಒಡೆದರೆ ಕೈಯಿಂದಲೇ ಹಾಕಿಸಿಕೊಂಡರಾಯಿತು. ಪ್ಲಾಸ್ಟಿಕ್ ಭಾಗಗಳಿಗೆ ಕಂಪನಿ ಹೇಗೂ ಅರ್ಧ ಸವಕಳಿ ಹಿಡಿಯುತ್ತದೆ. ಹಳೇ ಗಾಡಿಗೆ ಸುಮ್ನೆ ಯಾಕೆ ದುಡ್ಡು?

ಗಾಡಿಯ ಮಟ್ಟಿಗೆ ಈ ಲೆಕ್ಕದಲ್ಲಿ ತಪ್ಪೇನಿಲ್ಲ. ನಾನೂ ಹಾಗೇ ಯೋಚಿಸುತ್ತಿದ್ದೆ. ಆದರೆ ಆ 340 ರೂಪಾಯಿ ಬರೀ ಗಾಡಿಯ ತಗಡಿಗೆ ಅಂತ ಅವನು ತಿಳಿದಿದ್ದ. ಎಡವಿದ್ದು ಅಲ್ಲಿ. ಆ ದುಡ್ಡಿನ ಜೊತೆಗೆ ಇನ್ನೊಂದು ವಸ್ತುವೂ ಸದ್ದಿಲ್ಲದೆ ಪಾಲಿಸಿಯಿಂದ ಹೊರಗೆ ಹೋಯಿತು. ಅದು ಹಿಂದಿನ ಸೀಟು. ಪರದೆಯಲ್ಲಿ ಎಲ್ಲೂ ‘ಹಿಂಬದಿ ಸವಾರರ ರಕ್ಷಣೆ ಬೇಡವೇ?’ ಅಂತ ಕೇಳಲಿಲ್ಲ.

ನವೆಂಬರ್, ಸಂಜೆ ಆರೂಮುಕ್ಕಾಲು

ನೆಂಟರ ಮನೆಯ ಗೃಹಪ್ರವೇಶ ಮುಗಿಸಿ ಇಬ್ಬರೂ ವಾಪಸ್ ಬರುತ್ತಿದ್ದರು. ಮಗನ ಕಚೇರಿಯ ಲ್ಯಾಪ್‌ಟಾಪ್ ಬ್ಯಾಗು ಮುಂದೆ ಕಾಲಿಡುವ ಜಾಗದಲ್ಲಿತ್ತು. ಚಿಕ್ಕಮ್ಮನ ತೊಡೆಯ ಮೇಲೆ ಒಂದು ಬಟ್ಟೆ ಚೀಲ. ಅದರಲ್ಲಿ ಅವರ ಒಂದು ರೇಷ್ಮೆ ಸೀರೆ, ಆ ಊರಿನ ಗಿರಾಕಿಗಳು ಹೊಲಿಯಲು ಕೊಟ್ಟ ಏಳು ಬ್ಲೌಸ್ ಪೀಸು. ಅಳತೆ ಟೇಪನ್ನು ಚೀಲದ ಹಿಡಿಗೇ ಸುತ್ತಿ ಕಟ್ಟಿದ್ದರು. ಭುಜಕ್ಕೆ ವ್ಯಾನಿಟಿ ಬ್ಯಾಗು. ಒಳಗೆ ಫೋನು, ನಾಲ್ಕು ಸಾವಿರ ನಗದು.

ಮುಂದೆ ಹೋಗುತ್ತಿದ್ದ ಸರಕಿನ ಟೆಂಪೊ ಒಂದು ಹಂಪ್ ದಾಟಿದ ಕೂಡಲೇ ಇಂಡಿಕೇಟರ್ ಹಾಕದೆ ಬಲಕ್ಕೆ, ಪೆಟ್ರೋಲ್ ಬಂಕಿನ ಕಡೆಗೆ ತಿರುಗಿತು. ಸ್ಕೂಟರ್ ಅದರ ಹಿಂಬದಿಯ ಮೂಲೆಗೆ ಬಡಿಯಿತು. ಮಗನ ಮಣಿಕಟ್ಟು ಉಳುಕಿತು, ಮೊಣಕೈ ತರಚಿತು. ಚಿಕ್ಕಮ್ಮ ಬಲಕ್ಕೆ ಬಿದ್ದರು. ಸ್ಕೂಟರ್ ಅವರ ಕಾಲಿನ ಮೇಲೆ ಬಿತ್ತು. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಎರಡು ಕಡೆ ಮುರಿಯಿತು. ಲ್ಯಾಪ್‌ಟಾಪ್ ಬ್ಯಾಗಿನ ಮೇಲೆ ಟೆಂಪೊ ಚಕ್ರ ಹತ್ತಿಳಿಯಿತು. ವ್ಯಾನಿಟಿ ಬ್ಯಾಗು ಆ ಗಲಾಟೆಯಲ್ಲಿ ಯಾರ ಕೈಗೋ ಹೋಯಿತು.

ಟೆಂಪೊ ಡ್ರೈವರ್ ಓಡಿಹೋಗಲಿಲ್ಲ. ಅವನೇ ಚಿಕ್ಕಮ್ಮನನ್ನು ಎತ್ತಿ ಆಟೋಗೆ ಹತ್ತಿಸಿದ. ಆಮೇಲೆ ಮಗನ ಕೈಗೆ ಐದು ಸಾವಿರ ಇಟ್ಟು, ‘ಸ್ವಂತ ಗಾಡಿ ಅಲ್ಲಣ್ಣ, ಕೇಸು ಮಾತ್ರ ಬೇಡ’ ಅಂದ. ಮಗ ಕರಗಿದ. ಹತ್ತಿರದ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ‘ಹೇಗಾಯ್ತು?’ ಅಂತ ಕೇಳಿದಾಗ, ‘ಹಂಪ್ ಹತ್ತಿರ ಸ್ಕಿಡ್ ಆಗಿ ಬಿದ್ವಿ’ ಅಂದುಬಿಟ್ಟ. ಎಂಎಲ್‌ಸಿ ಪುಸ್ತಕದಲ್ಲಿ, ಅಂದರೆ ಪೊಲೀಸ್ ಕೇಸಾಗಬಹುದಾದ ಗಾಯಗಳನ್ನು ಆಸ್ಪತ್ರೆಯವರು ಬರೆದಿಡುವ ಪುಸ್ತಕದಲ್ಲಿ, ಅದೇ ದಾಖಲಾಯಿತು.

ಈ ಪ್ರಕರಣದಲ್ಲಿ ಅತಿ ದುಬಾರಿಯಾಗಿ ಬಿದ್ದದ್ದು ಆ ಒಂದು ಮಾತು. ಹಾಗೆ ಹೇಳುವಾಗ ತನ್ನ ಪಾಲಿಸಿಯಲ್ಲಿ ಏನಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಹುಶಃ ಹಾಗೆ ಹೇಳುತ್ತಿರಲಿಲ್ಲ.

ಮೊದಲ ಬಾಗಿಲು: ತಮ್ಮದೇ ಪಾಲಿಸಿ

ಚಿಕ್ಕಮ್ಮನನ್ನು ಅದೇ ರಾತ್ರಿ ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಗೆ ಸಾಗಿಸಿದರು. ಕಾಲಿಗೆ ರಾಡ್ ಹಾಕಿದರು. ಬಿಲ್ಲು 1 ಲಕ್ಷ 86 ಸಾವಿರ. ಮೇಷ್ಟ್ರು ಪಾಲಿಸಿ ಪ್ರಿಂಟ್ ಹಿಡಿದು ವಿಮೆ ಕಂಪನಿಯ ಶಾಖೆಗೆ ಹೋದರು. ‘15 ಲಕ್ಷದ ಆಕ್ಸಿಡೆಂಟ್ ಕವರ್ ಇದೆ ಅಂತ ಇದರಲ್ಲೇ ಬರೆದಿದೆಯಲ್ಲ’ ಅನ್ನುವುದು ಅವರ ವಾದ.

ಶಾಖೆಯವರು ಹೇಳಿದ ಉತ್ತರ ಒರಟಾಗಿತ್ತು, ಆದರೆ ಸರಿಯಾಗಿತ್ತು. ಆ 15 ಲಕ್ಷ ಇರುವುದು ‘ಓನರ್ ಡ್ರೈವರ್’ಗೆ. ಯಾರ ಹೆಸರಿನಲ್ಲಿ ಆರ್‌ಸಿ ಇದೆಯೋ, ಯಾರ ಹೆಸರಿನಲ್ಲಿ ಪಾಲಿಸಿ ಇದೆಯೋ, ಚಾಲ್ತಿಯಲ್ಲಿರುವ ಲೈಸೆನ್ಸ್ ಯಾರ ಬಳಿ ಇದೆಯೋ ಆ ಒಬ್ಬ ವ್ಯಕ್ತಿಗೆ ಮಾತ್ರ. ಇಲ್ಲಿ ಅದು ಮೇಷ್ಟ್ರು. ಅವರು ಅವತ್ತು ಮನೆಯಲ್ಲಿ ಟಿವಿ ನೋಡುತ್ತಿದ್ದರು. ಮಗನಿಗೆ ಅದು ಅನ್ವಯಿಸುವುದಿಲ್ಲ, ಚಿಕ್ಕಮ್ಮನಿಗಂತೂ ಇಲ್ಲವೇ ಇಲ್ಲ.

ಒಂದು ವೇಳೆ ಮೇಷ್ಟ್ರೇ ಬಿದ್ದು ಕಾಲು ಮುರಿದುಕೊಂಡಿದ್ದರೂ ಒಂದು ರೂಪಾಯಿ ಬರುತ್ತಿರಲಿಲ್ಲ. ಈ ರಕ್ಷಣೆ ಹಣ ಕೊಡುವುದು ಸಾವಿಗೆ, ಕೈಕಾಲು ಅಥವಾ ಕಣ್ಣು ಹೋದರೆ, ಶಾಶ್ವತವಾಗಿ ಪೂರ್ತಿ ಅಂಗವಿಕಲರಾದರೆ. ಅದೂ ಅಪಘಾತವಾದ ಆರು ತಿಂಗಳೊಳಗೆ ಆಗಿರಬೇಕು. ಮೂಳೆ ಮುರಿತ, ಆಪರೇಷನ್, ಔಷಧಿ ಯಾವುದೂ ಆ ಪಟ್ಟಿಯಲ್ಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ವಿಮೆ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಈ ಮೊತ್ತವನ್ನು ಬೈಕುಗಳಿಗೆ ಒಂದು ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು. ಮೊತ್ತ ಏರಿತು, ಯಾರಿಗೆ ಮತ್ತು ಯಾವುದಕ್ಕೆ ಅನ್ನುವುದು ಹಾಗೇ ಉಳಿಯಿತು. ಜನ ಮಾತ್ರ 15 ಲಕ್ಷ ಅನ್ನುವ ಸಂಖ್ಯೆಯನ್ನು ನೋಡಿ ಮನೆಮಂದಿಗೆಲ್ಲ ಇದೆ ಅಂದುಕೊಳ್ಳುತ್ತಾರೆ.

ಬೇರೆಯವರ ಗಾಡಿ ಓಡಿಸುವವನ ಪಾಡು ಏನು ಅನ್ನುವುದಕ್ಕೆ ನಮ್ಮ ಕಡೆಯದೇ ಒಂದು ಪ್ರಕರಣವಿದೆ. ಇಳಕಲ್-ಕುಷ್ಟಗಿ ರಸ್ತೆಯಲ್ಲಿ ಎರವಲು ಬೈಕ್ ಓಡಿಸುತ್ತಿದ್ದ ಒಬ್ಬರು ಮುಂದಿದ್ದ ಎತ್ತಿನ ಗಾಡಿಗೆ ಬಡಿದು ತೀರಿಕೊಂಡರು. 2009ರಲ್ಲಿ ಸುಪ್ರೀಂ ಕೋರ್ಟ್, ಗಾಡಿ ಎರವಲು ತಂದವನು ಯಜಮಾನನ ಜಾಗದಲ್ಲೇ ನಿಲ್ಲುತ್ತಾನೆ ಅಂದಿತು. ಯಜಮಾನ ತನ್ನ ವಿರುದ್ಧ ತಾನೇ ಪರಿಹಾರ ಕೇಳಲಾಗುವುದಿಲ್ಲವಲ್ಲ, ಇವನ ಕತೆಯೂ ಅಷ್ಟೇ. ಅಪ್ಪನ ಗಾಡಿ ಓಡಿಸುವ ಮಗನ ಸ್ಥಿತಿ ಇದು.

ಉಳಿದದ್ದು ಥರ್ಡ್ ಪಾರ್ಟಿ ಭಾಗ. ಚಿಕ್ಕಮ್ಮ ಯಜಮಾನರೂ ಅಲ್ಲ, ಓಡಿಸಿದವರೂ ಅಲ್ಲ. ಹಾಗಾದರೆ ಅವರು ಮೂರನೆಯವರು ತಾನೇ? ಮೇಷ್ಟ್ರು ಕೇಳಿದ್ದು ಇದನ್ನೇ. ಕೇಳಬೇಕಾದ ಪ್ರಶ್ನೆಯೇ. ಆದರೆ ಕಾನೂನು ಕಡ್ಡಾಯ ಮಾಡಿರುವ ವಿಮೆ ನೋಡುವುದು ಗಾಡಿಯ ಹೊರಗಿನವರನ್ನು: ರಸ್ತೆ ದಾಟುವವರು, ಎದುರಿನ ಗಾಡಿಯವರು, ಆ ಎದುರಿನ ಗಾಡಿಯ ಹಿಂಬದಿ ಸವಾರರು. ದುಡ್ಡು ಕೊಡದೆ ನಮ್ಮ ಗಾಡಿಯ ಮೇಲೆಯೇ ಕೂತು ಬರುವವರು ಅದರೊಳಗೆ ಬರುವುದಿಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಸ್ಕೂಟರ್ ಪ್ರಕರಣವೊಂದರಲ್ಲೇ ಹೇಳಿದೆ.

ಪ್ಯಾಕೇಜ್ ಪಾಲಿಸಿಯ ಮಾತು ಬೇರೆ. ಅದರ ಹೊಣೆಗಾರಿಕೆ ಭಾಗದಲ್ಲಿ, ಬಾಡಿಗೆ ಕೊಡದೆ ಗಾಡಿಯಲ್ಲಿ ಬರುವವರನ್ನೂ ಸೇರಿಸಿಯೇ ‘ಯಾವುದೇ ವ್ಯಕ್ತಿ’ ಅಂತ ಬರೆದಿರುತ್ತದೆ. ಕಂಪನಿಗಳು ಇದಕ್ಕೂ ತಕರಾರು ತೆಗೆಯುತ್ತಿದ್ದವು. ನಿಯಂತ್ರಣ ಪ್ರಾಧಿಕಾರ 2009ರ ನವೆಂಬರ್ 16ರ ಸುತ್ತೋಲೆಯಲ್ಲಿ, ಬೈಕಿನ ಹಿಂಬದಿ ಸವಾರರೂ ಕಾರಿನಲ್ಲಿ ಕೂತವರೂ ಪ್ಯಾಕೇಜ್ ಪಾಲಿಸಿಯಲ್ಲಿ ಸೇರುತ್ತಾರೆ ಅಂತ ಸ್ಪಷ್ಟ ಮಾಡಿತು. 2012ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಒಪ್ಪಿತು. ಬಾಡಿಗೆ ತೆಗೆದುಕೊಂಡು ಹಿಂದೆ ಕೂರಿಸಿಕೊಂಡರೆ ಮಾತ್ರ ಅಲ್ಲೂ ಬಾಗಿಲು ಮುಚ್ಚುತ್ತದೆ. ಸ್ವಂತ ಬೈಕನ್ನು ಟ್ಯಾಕ್ಸಿ ಥರ ಓಡಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹಾಗಾಗಿ ಜನವರಿಯ ಆ 340 ರೂಪಾಯಿ ಯಾವುದಕ್ಕಿತ್ತು ಅಂತ ಮೇಷ್ಟ್ರಿಗೆ ಗೊತ್ತಾದದ್ದು ಡಿಸೆಂಬರಿನಲ್ಲಿ.

ಎರಡನೆಯ ಬಾಗಿಲು: ಟೆಂಪೊ

ಅವರು ನಮ್ಮ ಕಚೇರಿಗೆ ಬಂದದ್ದು ಅಪಘಾತವಾದ ಎಂಟನೆಯ ದಿನ. ವಕೀಲರು ಮೊದಲು ಕೇಳಿದ್ದು, ‘ಬೇರೆ ಗಾಡಿ ಇತ್ತಾ?’ ಅಂತ. ಮಗ ತಲೆ ತಗ್ಗಿಸಿ ಐದು ಸಾವಿರದ ವಿಷಯ ಹೇಳಿದ.

ಬೇರೆ ಗಾಡಿ ಇದ್ದರೆ ಇಡೀ ಲೆಕ್ಕವೇ ತಿರುಗುತ್ತದೆ. ತಮ್ಮ ಸ್ಕೂಟರಿನ ಪಾಲಿಸಿಯಲ್ಲಿ ಜಾಗವಿಲ್ಲದ ಚಿಕ್ಕಮ್ಮ, ಟೆಂಪೊ ಪಾಲಿಸಿಯ ದೃಷ್ಟಿಯಿಂದ ಪಕ್ಕಾ ಮೂರನೆಯವರು. ಅಲ್ಲಿ ಅವರ ಹಕ್ಕಿಗೆ ಯಾವ ಅಡ್ಡಿಯೂ ಇಲ್ಲ. ಆದರೆ ಟೆಂಪೊ ಇತ್ತು ಅಂತ ತೋರಿಸಬೇಕು. ಮೊದಲ ಆಸ್ಪತ್ರೆಯ ಎಂಎಲ್‌ಸಿಯಲ್ಲಿ ಸ್ಕಿಡ್ ಅಂತಿದೆ. ದೂರು ಕೊಟ್ಟಿಲ್ಲ. ಸಂಬಂಧವಿಲ್ಲದ ಗಾಡಿಯನ್ನು ಆಮೇಲೆ ತಂದು ಸೇರಿಸಿದ್ದಾರೆ ಅನ್ನುವುದು ಇಂಥ ಕೇಸಿನಲ್ಲಿ ಕಂಪನಿ ವಕೀಲರ ಮೊದಲ ವಾದ. ಹಾಗೆ ಸುಳ್ಳು ಸೇರಿಸುವವರೂ ಇದ್ದಾರೆ, ಅದಕ್ಕೇ ಆ ವಾದಕ್ಕೆ ಬೆಲೆ.

ಇಲ್ಲಿ ಎರಡು ಸಂಗತಿ ಕೈಹಿಡಿದವು. ಮೊದಲನೆಯದು ಫೋಟೊ. ಬಂಕಿನ ಹುಡುಗನೊಬ್ಬ ಅಪಘಾತವಾದ ತಕ್ಷಣ ಫೋನಿನಲ್ಲಿ ತೆಗೆದಿದ್ದ. ಟೆಂಪೊದ ನಂಬರ್ ಪ್ಲೇಟು, ಅದರ ಚಕ್ರದ ಹತ್ತಿರ ಬಿದ್ದ ಸ್ಕೂಟರು, ಹಿಡಿಗೆ ಟೇಪು ಸುತ್ತಿದ ಬಟ್ಟೆ ಚೀಲ, ಮೂರೂ ಒಂದೇ ಚಿತ್ರದಲ್ಲಿದ್ದವು. ಎರಡನೆಯದು ಚಿಕ್ಕಮ್ಮನ ಬಾಯಿ. ರಾತ್ರಿ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಕೇಳಿದಾಗ ಮಗ ಔಷಧಿ ತರಲು ಹೋಗಿದ್ದ. ಇವರೇ, ‘ಟೆಂಪೊದವನು ಸಡನ್ನಾಗಿ ತಿರುಗಿಸಿದ’ ಅಂದಿದ್ದರು. ಕೇಸ್ ಶೀಟಿನಲ್ಲಿ 9.40ಕ್ಕೆ ಅದು ದಾಖಲಾಗಿತ್ತು. ಅಪಘಾತವಾದ ಮೂರು ತಾಸಿನೊಳಗೆ, ವಕೀಲರ ಮುಖ ನೋಡುವ ಮೊದಲೇ ಹೇಳಿದ ಮಾತು ಅದು. ಅಂಥ ಮಾತಿಗೆ ಕೋರ್ಟಿನಲ್ಲಿ ತೂಕ ಇರುತ್ತದೆ.

ಒಂಬತ್ತನೆಯ ದಿನ ದೂರು ಕೊಟ್ಟರು. ತಡವಾದದ್ದು ಯಾಕೆ, ಸ್ಕಿಡ್ ಅಂದದ್ದು ಯಾಕೆ ಅನ್ನುವುದನ್ನು ಮಗ ದೂರಿನಲ್ಲೇ ಮುಚ್ಚಿಡದೆ ಬರೆದ. ಐದು ಸಾವಿರದ ವಿಷಯವನ್ನೂ ಸೇರಿಸಿದ. ಆ ಐದು ಸಾವಿರ ಬಿಟ್ಟು ಬರೆಯೋಣ ಅಂತ ನಾನು ಹೇಳಿದ್ದೆ. ವಕೀಲರು ಬೈದರು. ಅವರು ಹೇಳಿದ್ದೇ ಸರಿ. ಮುಂದೆ ಟೆಂಪೊ ಡ್ರೈವರ್ ಆ ದುಡ್ಡಿನ ಮಾತು ತೆಗೆದಾಗ, ಅದು ಅವನು ಸ್ಥಳದಲ್ಲಿದ್ದ ಅನ್ನುವುದಕ್ಕೇ ಸಾಕ್ಷಿಯಾಯಿತು. ಪೊಲೀಸರು ಸ್ಥಳ ಮಹಜರ್ ಮಾಡಿದರು. ಟೆಂಪೊವನ್ನು ಮೋಟಾರು ವಾಹನ ನಿರೀಕ್ಷಕರು ಪರೀಕ್ಷಿಸಿದರು. ಅವರ ಐಎಂವಿ ರಿಪೋರ್ಟಿನಲ್ಲಿ ಹಿಂಬದಿ ಮೂಲೆಯ ತಗಡು ನೆಗ್ಗಿದ್ದು, ಅಲ್ಲಿ ಸ್ಕೂಟರಿನ ಬಣ್ಣ ಅಂಟಿದ್ದು ಬಂತು. ಕೊನೆಗೆ ಟೆಂಪೊ ಡ್ರೈವರ್ ಮೇಲೆ ಚಾರ್ಜ್‌ಶೀಟ್ ಆಯಿತು.

ಪರಿಹಾರದ ಅರ್ಜಿಯನ್ನು ನಾಲ್ಕನೆಯ ತಿಂಗಳು ಹಾಕಿದೆವು. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನುವ ಗಡುವು ಕಾನೂನಿನಲ್ಲಿದೆ. ಅದರ ಮೇಲೆ ಸುಪ್ರೀಂ ಕೋರ್ಟಿನಲ್ಲಿ ತಕರಾರು ನಡೆದಿದೆ. ಆದರೂ ಆ ಗಡುವಿನ ಜೊತೆ ಆಟ ಆಡುವುದು ಬೇಡ.

ಯಾರನ್ನು ಪ್ರತಿವಾದಿ ಮಾಡುವುದು?

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಾನು ಈ ಪ್ರಕರಣ ಬರೆಯಲು ಕೂತದ್ದೇ ಇದಕ್ಕಾಗಿ.

ಹಿಂದಿನಿಂದ ಹೋಗಿ ಬಡಿದದ್ದು ಸ್ಕೂಟರ್. ಅಂತರ ಕಾಯ್ದುಕೊಳ್ಳಲಿಲ್ಲ ಅಂತ ಮಗನ ತಪ್ಪೂ ಸ್ವಲ್ಪ ಇರಬಹುದು. ಆದರೆ ಚಿಕ್ಕಮ್ಮ ಹ್ಯಾಂಡಲ್ ಹಿಡಿದಿರಲಿಲ್ಲ. ಅವರ ಪಾಲಿಗೆ ಇದು ಇಬ್ಬರು ಸೇರಿ ಮಾಡಿದ ತಪ್ಪು. ಹೀಗಿದ್ದಾಗ ಗಾಯಗೊಂಡವರು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಕೇಳಬಹುದು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಟ್ಟವರು ಇನ್ನೊಬ್ಬರ ಪಾಲನ್ನು ಆಮೇಲೆ ಅವರಿಂದ ವಸೂಲಿ ಮಾಡಿಕೊಳ್ಳಬಹುದು.

ಸಾಮಾನ್ಯವಾಗಿ ನಾವು ಎರಡೂ ಗಾಡಿಯವರನ್ನು, ಎರಡೂ ಕಂಪನಿಗಳನ್ನು ಸೇರಿಸುತ್ತೇವೆ. ಯಾರಾದರೂ ಕೊಡಲಿ ಅಂತ. ಇಲ್ಲಿ ಹಾಗೆ ಮಾಡಿದರೆ ಏನಾಗುತ್ತಿತ್ತು? ನ್ಯಾಯಮಂಡಳಿ ಮಗನ ತಪ್ಪು ಅರ್ಧ ಅಂದಿತು ಅಂತಿಟ್ಟುಕೊಳ್ಳಿ. ಆ ಅರ್ಧ ಸ್ಕೂಟರಿನ ವಿಮೆ ಕಂಪನಿಗೆ ಹೋಗುವುದಿಲ್ಲ, ಯಾಕೆಂದರೆ ಪಾಲಿಸಿಯಲ್ಲಿ ಹಿಂಬದಿ ಸವಾರರೇ ಇಲ್ಲ. ಅದು ನೇರ ಮೇಷ್ಟ್ರ ಪಿಂಚಣಿಗೆ ಬೀಳುತ್ತದೆ. ಚಿಕ್ಕಮ್ಮನಿಗೆ ಇದನ್ನು ಬಿಡಿಸಿ ಹೇಳಿದೆವು. ಅವರು ವಾಕರ್ ಪಕ್ಕಕ್ಕಿಟ್ಟು, ‘ಭಾವನ ಮೇಲೆ ಕೇಸ್ ಹಾಕೋಕೆ ನನ್ ಕೈಲಾಗಲ್ಲ ಸಾರ್. ನಾಳೆ ಅಕ್ಕನ ಮುಖ ನೋಡ್ಬೇಕಲ್ವಾ?’ ಅಂದರು.

ಟೆಂಪೊ ಯಜಮಾನ ಮತ್ತು ಅದರ ವಿಮೆ ಕಂಪನಿ, ಇಬ್ಬರನ್ನೇ ಪ್ರತಿವಾದಿ ಮಾಡಿದೆವು. ಕಂಪನಿ ಸುಮ್ಮನಿರಲಿಲ್ಲ. ಸ್ಕೂಟರ್ ಯಜಮಾನನನ್ನೂ ಸೇರಿಸಿ ಅಂತ ಅರ್ಜಿ ಹಾಕಿತು. ಮೇಷ್ಟ್ರ ಮನೆಗೆ ನೋಟಿಸ್ ಬಂತು. ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯ, ಕೋರ್ಟ್ ನೋಟಿಸ್ ಅನ್ನುವುದನ್ನು ಮೊದಲ ಸಲ ನೋಡಿದ್ದು. ಎರಡು ಮನೆಗಳ ನಡುವೆ ಒಂದು ತಿಂಗಳು ಮಾತು ನಿಂತಿತು. ಚಿಕ್ಕಮ್ಮ ಕೇಸೇ ವಾಪಸ್ ತೆಗೆಯುತ್ತೇನೆ ಅನ್ನುವ ಮಟ್ಟಕ್ಕೆ ಬಂದರು.

ಪ್ಯಾಕೇಜ್ ಪಾಲಿಸಿ ಇದ್ದಿದ್ದರೆ ಈ ಅಧ್ಯಾಯವೇ ಇರುತ್ತಿರಲಿಲ್ಲ. ಎರಡು ಕಂಪನಿಗಳು ತಮ್ಮ ತಮ್ಮಲ್ಲಿ ಅರ್ಧವೋ ಕಾಲೋ ಅಂತ ಜಗಳ ಆಡಿಕೊಳ್ಳುತ್ತಿದ್ದವು. ಮೇಷ್ಟ್ರು ಒಂದು ವಕಾಲತ್ತಿಗೆ ಸಹಿ ಹಾಕಿ ಮನೆಗೆ ಹೋಗುತ್ತಿದ್ದರು.

ಹದಿನಾಲ್ಕನೆಯ ತಿಂಗಳು ಲೋಕ್ ಅದಾಲತ್ತಿನಲ್ಲಿ ರಾಜಿ ಆಯಿತು. ಕೇಸು ಕೊನೆಯವರೆಗೆ ನಡೆದರೆ ನಾಲ್ಕು ಲಕ್ಷದ ಆಸುಪಾಸು ಆದೇಶವಾಗಬಹುದು ಅನ್ನುವುದು ನಮ್ಮ ವಕೀಲರ ಅಂದಾಜು. ಚಿಕ್ಕಮ್ಮ ಒಪ್ಪಿದ್ದು 3 ಲಕ್ಷ 25 ಸಾವಿರಕ್ಕೆ. ಆದರೆ ಒಂದು ಷರತ್ತಿನ ಮೇಲೆ. ಸ್ಕೂಟರ್ ಯಜಮಾನರಿಂದ ಕಂಪನಿ ಏನನ್ನೂ ವಸೂಲಿ ಮಾಡುವುದಿಲ್ಲ ಅಂತ ರಾಜಿ ಪತ್ರದಲ್ಲಿ ಬರೆಸಿದೆವು. ಬಿಟ್ಟುಕೊಟ್ಟ ಮುಕ್ಕಾಲು ಲಕ್ಷದಲ್ಲಿ ದೊಡ್ಡ ಪಾಲು ಆ ಒಂದು ಸಾಲಿನ ಬೆಲೆ ಅಂತ ನಾನು ನೋಡುತ್ತೇನೆ. ಟೆಂಪೊಗೆ ವಿಮೆ ಇದ್ದೂ, ಚಾರ್ಜ್‌ಶೀಟ್ ಆಗಿದ್ದೂ, ಸ್ಕೂಟರಿನ ಪಾಲಿಸಿಯ ಖಾಲಿ ಜಾಗ ಚೌಕಾಸಿಯಲ್ಲಿ ಚಿಕ್ಕಮ್ಮನ ಕೈ ಕಟ್ಟಿಹಾಕಿತು.

ಇನ್ನು, ಟೆಂಪೊನೇ ಇಲ್ಲದೆ ನಿಜವಾಗಿಯೂ ಹಂಪಿನಲ್ಲಿ ಸ್ಕಿಡ್ ಆಗಿದ್ದರೆ? ಆಗ ಚಿಕ್ಕಮ್ಮನಿಗೆ ಇದ್ದ ದಾರಿ ಒಂದೇ, ಅಕ್ಕನ ಮಗನ ಮೇಲೆ ಮತ್ತು ಭಾವನ ಮೇಲೆ ಕೇಸು. ಗೆದ್ದರೂ ಕೊಡಬೇಕಾದವರು ಅವರೇ. ನಮ್ಮ ಕಚೇರಿಗೆ ಬರುವ ಹಿಂಬದಿ ಸವಾರರಲ್ಲಿ ಇಂಥವರು ಬಹಳ ಜನ: ನಾಯಿ ಅಡ್ಡ ಬಂತು, ಗುಂಡಿಗೆ ಬಿದ್ದೆವು, ಸೆರಗು ಚಕ್ರಕ್ಕೆ ಸಿಕ್ಕಿತು. ಪಾಲಿಸಿ ತೆಗೆಸಿ ನೋಡಿ, ಮೇಲ್ಗಡೆ ‘ಲಯಬಿಲಿಟಿ ಓನ್ಲಿ’, ಅಂದರೆ ಬರೀ ಥರ್ಡ್ ಪಾರ್ಟಿ, ಅಂತಿದ್ದರೆ ವಕೀಲರು ಫೈಲ್ ಮುಚ್ಚಿ ನೀರು ಕುಡಿಯುತ್ತಾರೆ.

ಎಪ್ಪತ್ತು ರೂಪಾಯಿಯ ಗೊಂದಲ

ರಿನ್ಯೂ ಮಾಡುವಾಗ ‘ಪಿಲಿಯನ್ ಪಿಎ ಕವರ್’, ಅಂದರೆ ಹಿಂಬದಿ ಸವಾರರ ಅಪಘಾತ ವಿಮೆ, ಅಂತ ಇನ್ನೊಂದು ಚೌಕ ಇರುತ್ತದೆ. ಒಂದು ಲಕ್ಷಕ್ಕೆ ಎಪ್ಪತ್ತು ರೂಪಾಯಿ ಆಸುಪಾಸು. ಪಾಲಿಸಿಯಲ್ಲಿ ಅದು ಐಎಂಟಿ 16 ಅಂತ ಬರುತ್ತದೆ. ‘ಅದನ್ನು ಟಿಕ್ ಮಾಡಿದ್ದರೆ ಚಿಕ್ಕಮ್ಮನ ಆಸ್ಪತ್ರೆ ಬಿಲ್ಲು ಬರುತ್ತಿತ್ತಲ್ಲ’ ಅಂತ ಮಗ ಕೊರಗುತ್ತಿದ್ದ. ಬರುತ್ತಿರಲಿಲ್ಲ.

ಇದು ಯಜಮಾನರ 15 ಲಕ್ಷದ ಚಿಕ್ಕ ತಮ್ಮ. ಅದೇ ಪಟ್ಟಿ: ಸಾವು, ಕೈಕಾಲು, ಕಣ್ಣು, ಶಾಶ್ವತ ಅಂಗವಿಕಲತೆ. ಬೈಕಿನಲ್ಲಿ ಹಿಂದೆ ಕೂತವರಿಗೆ ಗರಿಷ್ಠ ಒಂದು ಲಕ್ಷ. ಇದರಲ್ಲಿರುವ ಒಂದು ಅನುಕೂಲ ಏನೆಂದರೆ ಯಾರ ತಪ್ಪು ಅಂತ ಸಾಬೀತು ಮಾಡಬೇಕಿಲ್ಲ, ಕೋರ್ಟಿಗೆ ಹೋಗಬೇಕಿಲ್ಲ. ಆದರೆ ಮುರಿದ ಕಾಲು ಕೂಡಿಕೊಂಡರೆ ಸೊನ್ನೆ.

ಪ್ಯಾಕೇಜಿನ ಹೊಣೆಗಾರಿಕೆ ಭಾಗ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಓಡಿಸಿದವನ ತಪ್ಪು ತೋರಿಸಬೇಕು, ನ್ಯಾಯಮಂಡಳಿಗೆ ಹೋಗಬೇಕು, ವರ್ಷ ಕಾಯಬೇಕು. ಆದರೆ ಆಸ್ಪತ್ರೆ ಖರ್ಚು, ನಿಂತುಹೋದ ಸಂಪಾದನೆ, ನೋವು ಎಲ್ಲ ಲೆಕ್ಕಕ್ಕೆ ಬರುತ್ತದೆ. ಒಂದು ಇನ್ನೊಂದರ ಬದಲಿಗೆ ಆಗುವುದಿಲ್ಲ. ತಕ್ಷಣದ ಆಸ್ಪತ್ರೆ ಬಿಲ್ಲನ್ನಂತೂ ಇವೆರಡೂ ಕಟ್ಟುವುದಿಲ್ಲ, ಅದಕ್ಕೆ ಆರೋಗ್ಯ ವಿಮೆಯೇ ಬೇಕು. ಚಿಕ್ಕಮ್ಮ ಆ 1 ಲಕ್ಷ 86 ಸಾವಿರ ಹೊಂದಿಸಿದ್ದು ಬಳೆ ಅಡವಿಟ್ಟು.

ಚೀಲ, ಲ್ಯಾಪ್‌ಟಾಪ್, ಫೋನು

ಸಾಮಾನಿನ ವಿಷಯದಲ್ಲಿ ನಾವು ಗೆಲ್ಲಲಿಲ್ಲ. ನಿಜ ಹೇಳಬೇಕೆಂದರೆ ಆಡಲೂ ಇಲ್ಲ.

ಕಡ್ಡಾಯ ವಿಮೆಯಲ್ಲಿ ‘ಮೂರನೆಯವರ ಆಸ್ತಿ’ಗೆ ರಕ್ಷಣೆ ಇದೆ, ಬೈಕುಗಳಿಗೆ ಸಾಮಾನ್ಯವಾಗಿ ಒಂದು ಲಕ್ಷದವರೆಗೆ. ನೀವು ಬೇರೆಯವರ ಕಾರಿಗೋ ಕಾಂಪೌಂಡಿಗೋ ಗುದ್ದಿದರೆ ಅದು. ನಿಮ್ಮ ಸ್ವಂತ ವಸ್ತು ಅದರಲ್ಲಿ ಬರುವುದಿಲ್ಲ, ನಿಮ್ಮ ಸುಪರ್ದಿಯಲ್ಲಿರುವ ಬೇರೆಯವರ ವಸ್ತುವೂ ಬರುವುದಿಲ್ಲ. ಲ್ಯಾಪ್‌ಟಾಪ್ ಕಚೇರಿಯದು, ಮಗನ ಸುಪರ್ದಿಯಲ್ಲಿತ್ತು. ಸ್ಕೂಟರಿನ ಪಾಲಿಸಿಯಲ್ಲಿ ಅದಕ್ಕೆ ಜಾಗವಿಲ್ಲ.

ಟೆಂಪೊ ಪಾಲಿಸಿಯಿಂದ ಕೇಳಬಹುದಿತ್ತು. ಅದು ಜಜ್ಜಿದ್ದೇ ಟೆಂಪೊ ಚಕ್ರ. ಆದರೆ ಒಂಬತ್ತು ದಿನದ ನಂತರ ಮಾಡಿದ ಮಹಜರಿನಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ. ಮಗ ಅಷ್ಟರಲ್ಲಿ ಅದನ್ನು ರಿಪೇರಿ ಅಂಗಡಿಗೆ ಕೊಟ್ಟು, ಆಗಲ್ಲ ಅನ್ನಿಸಿಕೊಂಡು, ಹಾರ್ಡ್ ಡಿಸ್ಕ್ ತೆಗೆಸಿ ಉಳಿದದ್ದನ್ನು ಅಲ್ಲೇ ಬಿಟ್ಟು ಬಂದಿದ್ದ. ವಸ್ತುವೂ ಇಲ್ಲ, ದಾಖಲೆಯೂ ಇಲ್ಲ. ಮೂವತ್ತೆಂಟು ಸಾವಿರವನ್ನು ಕಚೇರಿಯವರು ಸಂಬಳದಲ್ಲಿ ಕಂತಿನಲ್ಲಿ ಹಿಡಿದರು. ವ್ಯಾನಿಟಿ ಬ್ಯಾಗು ಕಳವಾದದ್ದು. ಅದು ಅಪಘಾತದ ನಷ್ಟವೇ ಅಲ್ಲ, ಟೆಂಪೊ ಕಂಪನಿಗೂ ಸಂಬಂಧವಿಲ್ಲ.

ಕೆಲವು ಕಂಪನಿಗಳು ಬೈಕಿಗೂ ‘ಪರ್ಸನಲ್ ಬಿಲಾಂಗಿಂಗ್ಸ್’ ಅಂತ ಹೆಚ್ಚುವರಿ ರಕ್ಷಣೆ ಕೊಡುತ್ತವೆ, ಪ್ಯಾಕೇಜ್ ಪಾಲಿಸಿಯ ಮೇಲೆ. ಅದು ಇದ್ದಿದ್ದರೆ ಏನು ಬರುತ್ತಿತ್ತು ಅಂತ ಒಂದು ಮಧ್ಯಾಹ್ನ ನಾನು ಒಂದು ಕಂಪನಿಯ ಷರತ್ತುಗಳನ್ನು ಪಕ್ಕದಲ್ಲಿಟ್ಟುಕೊಂಡು ಪಟ್ಟಿ ಹಾಕಿದೆ. ನಗದು ನಾಲ್ಕು ಸಾವಿರ, ಹೊರಗೆ. ಫೋನು ಮತ್ತು ಲ್ಯಾಪ್‌ಟಾಪ್, ಹೊರಗೆ. ಏಳು ಬ್ಲೌಸ್ ಪೀಸು ವ್ಯಾಪಾರದ ಸಾಮಾನು, ಅದೂ ಗಿರಾಕಿಗಳದು, ಹೊರಗೆ. ಕಳವಾಗಿದ್ದರೆ ಎಫ್‌ಐಆರ್ ಬೇಕು, ಬೀಗ ಹಾಕಿದ ಡಿಕ್ಕಿಯೊಳಗಿಂದಲೇ ಹೋಗಿರಬೇಕು. ವ್ಯಾನಿಟಿ ಬ್ಯಾಗು ಭುಜದ ಮೇಲಿತ್ತು, ಹೊರಗೆ. ಕೊನೆಗೆ ಉಳಿದದ್ದು ಎಣ್ಣೆ ಕಲೆಯಾದ ರೇಷ್ಮೆ ಸೀರೆ ಒಂದೇ. ಅದಕ್ಕೂ ಸವಕಳಿ. ಷರತ್ತುಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಜನ ಬೈಕಿನಲ್ಲಿ ಏನನ್ನು ಒಯ್ಯುತ್ತಾರೋ ಅದೆಲ್ಲ ಹೊರಗಿಟ್ಟು ಬರೆದ ರಕ್ಷಣೆಗೆ ನಾನಂತೂ ದುಡ್ಡು ಕೊಡುವುದಿಲ್ಲ. ಲ್ಯಾಪ್‌ಟಾಪ್‌ಗೆ ಬೇಕಿದ್ದರೆ ಅದರ ಹೆಸರಿನಲ್ಲೇ ಬೇರೆ ವಿಮೆ ಮಾಡಿಸಬಹುದು.

ಪ್ಯಾಕೇಜ್ ಪಾಲಿಸಿ ಇದ್ದವರಿಗೂ ಒಂದು ಮಾತು. ಸೈಡ್ ಬಾಕ್ಸ್, ಹೆಚ್ಚುವರಿ ಲೈಟು ಇಂಥ ಬಿಡಿಭಾಗಗಳನ್ನು ಮಾತ್ರ ಬಿಚ್ಚಿಕೊಂಡು ಹೋದರೆ ಬೈಕ್ ಪಾಲಿಸಿ ಕೊಡುವುದಿಲ್ಲ. ಗಾಡಿಯೂ ಅದರ ಜೊತೆ ಕಳವಾಗಿದ್ದರೆ ಮಾತ್ರ ಕೊಡುತ್ತದೆ.

ಆಮೇಲೆ

ಮುಂದಿನ ಜನವರಿಯಲ್ಲಿ ಮೇಷ್ಟ್ರೇ ರಿನ್ಯೂ ಮಾಡಿಸಿದರು. ಬರೀ ಥರ್ಡ್ ಪಾರ್ಟಿಯಿಂದ ಪ್ಯಾಕೇಜಿಗೆ ಬರುವಾಗ ಕಂಪನಿ ಗಾಡಿಯ ಫೋಟೊ ಕೇಳಿತು. ಸ್ಕೂಟರ್ ರಿಪೇರಿಯಾಗಿ ನಾಲ್ಕೂ ಕಡೆಯಿಂದ ಫೋಟೊ ಕಳಿಸಿದ ಮೇಲೆ ಪಾಲಿಸಿ ಕೊಟ್ಟಿತು. ಮಗ ತನ್ನ ಹೆಸರಿನಲ್ಲಿ ಬೇರೆಯಾಗಿ ಒಂದು ಅಪಘಾತ ವಿಮೆ ತೆಗೆದುಕೊಂಡ. ಅಪ್ಪನ 15 ಲಕ್ಷ ಅವನಿಗೆ ಬರುವುದಿಲ್ಲವಲ್ಲ. ಚಿಕ್ಕಮ್ಮ ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸಹಿ ಹಾಕಿದರು.

ಮೇಷ್ಟ್ರು ಹೊಸ ಪಾಲಿಸಿಯ ಪ್ರಿಂಟ್ ತಂದು ನನ್ನ ಮೇಜಿನ ಮೇಲಿಟ್ಟರು. ಪೂರ್ತಿ ಓದಿದ್ದರು. ಹೊಣೆಗಾರಿಕೆ ಭಾಗದ ಒಂದು ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು, ಉತ್ತರ ಪತ್ರಿಕೆ ತಿದ್ದಿದ ಹಾಗೆ. ‘ಇದೇ ತಾನೇ ಅದು?’ ಅಂದರು. ನೋಡಿದೆ. ಅದೇ. ಬಾಡಿಗೆ ಕೊಡದೆ ಗಾಡಿಯಲ್ಲಿ ಬರುವವರೂ ಸೇರಿದಂತೆ.

ಚಿಕ್ಕಮ್ಮನ ಕಾಲಿನ ರಾಡ್ ಇನ್ನೂ ಒಳಗೇ ಇದೆ. ತೆಗೆಸಲು ನಲವತ್ತು ಸಾವಿರ ಆಗುತ್ತದೆ ಅಂದಿದ್ದಾರೆ. ರಾಜಿ ಮಾಡಿಕೊಂಡ ಮೊತ್ತದಲ್ಲೇ ಅದೂ ಸೇರಿದೆ, ಮತ್ತೆ ಕೇಳುವ ಹಾಗಿಲ್ಲ. ಹೊಲಿಗೆ ಮಷಿನ್ನಿಗೆ ಮೋಟರ್ ಹಾಕಿಸಿಕೊಂಡಿದ್ದಾರೆ, ಬಲಗಾಲಲ್ಲಿ ತುಳಿಯಲು ಆಗುವುದಿಲ್ಲ ಅಂತ.